ಪಿಟೀಲಿನ ಅಪ್ಪ ಕೇಳಿದ ಹೋಮ್‌ವರ್ಕ್

2024ನೆಯ ಇಸವಿ ಫೆಬ್ರವರಿ 12ನೆಯ ತಾರೀಖು, ಸೋಮವಾರ. ಚಳಿಗಾಲ ಮುಗಿಯುತ್ತ ಬಂದಿದ್ದರೂ ಅಂದು ಮಂಜು ಹೊತ್ತೇರುವವರೆಗೆ ಕರಗಲಿಲ್ಲ. ಎದುರು ಕಟ್ಟಡದ ಕಿಟಕಿಗಳು ಮಧ್ಯಾಹ್ನದವರೆಗೂ ಒದ್ದೆಯಾಗಿಯೇ ಇದ್ದವು. ಸಂಜೆ ನನ್ನ ಮೊಮ್ಮಗಳ ಟೀಚರು ಮೂರನೆಯ ತರಗತಿಯ ಪಾಲಕರ ವಾಟ್ಸ್‌ಆ್ಯಪ್ ಗುಂಪಿಗೆ ಒಂದು ಸಂದೇಶ ಕಳುಹಿಸಿದರು. ಮಗ ಸೊಸೆ ಇಬ್ಬರೂ ದುಡಿಯಲು ಹೋಗುವುದರಿಂದ ಆ ಗುಂಪಿನಲ್ಲಿ ನಮ್ಮ ಮನೆಯ ಪರವಾಗಿ ನಾನೇ ಇದ್ದೇನೆ. ಸಂದೇಶವನ್ನು ಇದ್ದದ್ದು ಇದ್ದ ಹಾಗೆ ಇಲ್ಲಿ ಕೊಡುತ್ತೇನೆ.

"ಪಾಲಕರಿಗೆ ನಮಸ್ಕಾರ. ನಾಳೆಯಿಂದ ನಮ್ಮ ಗುಂಪಿನಲ್ಲಿ ಅಡ್ಮಿನ್ ಮಾತ್ರ ಸಂದೇಶ ಹಾಕುವ ಹಾಗೆ ಬದಲಾಯಿಸುತ್ತೇನೆ. ಇದನ್ನು ಮಾಡುವುದು ಹೇಗೆಂದು ಕೆಲವರು ಕೇಳಿದ್ದೀರಿ. ಗುಂಪಿನ ಹೆಸರನ್ನು ಒತ್ತಿದರೆ ಅದರ ವಿವರ ತೆರೆಯುತ್ತದೆ. ಅಲ್ಲಿ 'ಗ್ರೂಪ್ ಪರ್ಮಿಶನ್ಸ್' ಎಂದಿರುತ್ತದೆ, ಹಳೆಯ ಫೋನಿನಲ್ಲಿ 'ಗ್ರೂಪ್ ಸೆಟ್ಟಿಂಗ್ಸ್'. ಅದು ಅಡ್ಮಿನ್‌ಗೆ ಮಾತ್ರ ಸಿಗುತ್ತದೆ. ಅದರೊಳಗೆ ಸದಸ್ಯರು ಸಂದೇಶ ಕಳುಹಿಸಬಹುದು ಎನ್ನುವುದನ್ನು ಆಫ್ ಮಾಡಿದರೆ ಮುಗಿಯಿತು. ನಿಮ್ಮ ಬೇರೆ ಗುಂಪುಗಳಲ್ಲೂ ಹೀಗೆ ಮಾಡಬಹುದು. ಬದಲಾದ ಮೇಲೆ ನೀವು ಬರೆಯುವ ಜಾಗದಲ್ಲಿ 'ಅಡ್ಮಿನ್‌ಗಳು ಮಾತ್ರ ಸಂದೇಶ ಕಳುಹಿಸಬಹುದು' ಎಂಬ ಸಾಲು ಕಾಣುತ್ತದೆ. ಗಾಬರಿಯಾಗಬೇಡಿ. ಯಾರನ್ನೂ ಗುಂಪಿನಿಂದ ತೆಗೆದಿಲ್ಲ, ತೆಗೆಯುವುದೂ ಇಲ್ಲ. ಎಲ್ಲರೂ ಓದಬಹುದು, ನಾನು ಹಾಕಿದ್ದಕ್ಕೆ ಹೆಬ್ಬೆರಳು ಒತ್ತಬಹುದು. ಏನಾದರೂ ಕೇಳಬೇಕಿದ್ದರೆ ನನ್ನ ಸಂದೇಶವನ್ನು ಒತ್ತಿ ಹಿಡಿದು ಖಾಸಗಿಯಾಗಿ ಉತ್ತರಿಸಿ. ಅದು ನನಗೆ ಮಾತ್ರ ಬರುತ್ತದೆ. ಇನ್ನು ಮೇಲೆ ದಿನಾ ಸಂಜೆ ಹೋಮ್‌ವರ್ಕನ್ನು ನಾನೇ ಹಾಕುತ್ತೇನೆ. ಯಾರೂ ಕೇಳಬೇಕಾಗಿಲ್ಲ."

ಹುಡುಕಿದರೂ ತಪ್ಪು ಸಿಗದ ಬರಹ. ಆದರೆ ಅದರಲ್ಲಿನ ಎರಡು ಮಾತುಗಳು, ತೆಗೆಯುವುದಿಲ್ಲ ಎಂಬುದು ಮತ್ತು ಯಾರೂ ಕೇಳಬೇಕಾಗಿಲ್ಲ ಎಂಬುದು, ನಲವತ್ತು ಮನೆಗಳಿಗೆ ಹೋದರೂ ಬರೆದದ್ದು ಒಬ್ಬನಿಗಾಗಿ. ಆತ ನಮ್ಮ ಕಟ್ಟಡದ ಲಿಫ್ಟ್ ನೋಡಿಕೊಳ್ಳುವ ಮೆಕ್ಯಾನಿಕ್. ಆತನ ವಿಷಯವನ್ನು ಬರೆದಿಡಬೇಕೆಂದು ಈ ಲೇಖನ. ನಾನು ಕಣ್ಣಾರೆ ಕಂಡದ್ದು ಅರ್ಧ, ಟೀಚರು ಮತ್ತು ಆತ ಹೇಳಿದ್ದು ಅರ್ಧ.

ಆತ ಹುಟ್ಟಿದ್ದು 1981ರಲ್ಲಿ. ತಂದೆ ಲೇತ್ ಕಾರ್ಖಾನೆಯಲ್ಲಿ ಕಬ್ಬಿಣ ತಿರುವುತ್ತಿದ್ದವರು. ಎಂಟನೆಯ ತರಗತಿಗೆ ಆತನ ಓದು ನಿಂತಿತು. ಕಾರಣ ಕೇಳಿದರೆ "ನಾನು ಬಿಟ್ಟಿದ್ದಲ್ಲ ಯಜಮಾನ್ರೇ, ಭಿನ್ನರಾಶಿ ನನ್ನನ್ನು ಬಿಟ್ಟಿದ್ದು" ಎನ್ನುತ್ತಿದ್ದನು. ಮುಂದೆ ಲಿಫ್ಟ್ ಕಂಪನಿಯೊಂದರಲ್ಲಿ ಗ್ರೀಸ್ ಡಬ್ಬಿ ಹೊರುವುದರಿಂದ ಆರಂಭಿಸಿ ಮೆಕ್ಯಾನಿಕ್ ಆದನು. ನಮ್ಮ ಕಟ್ಟಡಕ್ಕೆ ಮೊದಲು ಬಂದದ್ದು 2015ರಲ್ಲಿ. ತಿಂಗಳಿಗೊಮ್ಮೆ, ಮೂರನೆಯ ಗುರುವಾರ, ತಪ್ಪದೆ ಬರುತ್ತಾನೆ. ಬಾಗಿಲಿನ ಮೂರು ಮೂಲೆಯ ಕೀಲಿ ಸೊಂಟದಲ್ಲಿ, ಬಾಯಲ್ಲಿ ಸಣ್ಣ ಸಿಳ್ಳೆ. ಮೇಲಿನ ಮಹಡಿಯಲ್ಲಿರುವ ನಮ್ಮ ಮನೆಯ ಪಕ್ಕದಿಂದಲೇ ಯಂತ್ರದ ಕೋಣೆಗೆ ಏಣಿ ಹೋಗುವುದರಿಂದ, ನೀರು ಕೇಳಿಕೊಂಡು ಆತ ನಮ್ಮ ಬಾಗಿಲಿಗೇ ಬರುವುದು.

ಮಗಳು ಹುಟ್ಟಿದ್ದು 2015ರ ಮಾರ್ಚಿನಲ್ಲಿ. ಮಾತು ಬಂದ ದಿನದಿಂದ ಆ ಮಗು ಬಾಯಿ ಮುಚ್ಚಿದ್ದಿಲ್ಲವಂತೆ. ಒಂದೇ ಸಮನೆ ಪಿಟೀಲು ಕುಯ್ಯುತ್ತಾಳೆಂದು ಅಪ್ಪನೇ ಇಟ್ಟ ಅಡ್ಡಹೆಸರು ಪಿಟೀಲು. ಶಾಲೆಯಲ್ಲೂ ಅದೇ ಹೆಸರು ನಿಂತಿತು. ಎಲ್ಲ ಪಾಲಕರ ಫೋನಿನಲ್ಲೂ ಆತ "ಪಿಟೀಲಿನ ಅಪ್ಪ". ಅವಳು ನನ್ನ ಮೊಮ್ಮಗಳ ಬೆಂಚಿನವಳು. ತಾಯಿ ದೊಡ್ಡ ಲಾಂಡ್ರಿಯೊಂದರಲ್ಲಿ ಇಸ್ತ್ರಿ ಮಾಡುವವಳು. ಮನೆಗೆ ಬರುವುದು ತಡವಾಗುತ್ತಿದ್ದುದರಿಂದ ಶಾಲೆ ಬಿಟ್ಟ ಮೇಲೆ ಮಗು ಅಪ್ಪನ ಜೊತೆಗೇ ಕೆಲಸದ ಕಟ್ಟಡಗಳಿಗೆ ಹೋಗುತ್ತಿತ್ತು. ನಮ್ಮ ಕಟ್ಟಡದ ಕೆಳಗಿನ ಮೆಟ್ಟಿಲ ಮೇಲೆ ಕುಳಿತು ಇಬ್ಬರೂ ಹೋಮ್‌ವರ್ಕ್ ಮಾಡುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

"ಅಪ್ಪ, ಲಿಫ್ಟಿಗೆ ಮೇಲೆ ಕೆಳಗೆ ಹೋಗಿ ಹೋಗಿ ತಲೆ ತಿರುಗಲ್ವಾ?"

"ತಿರುಗುತ್ತೆ. ಅದಕ್ಕೇ ತಿಂಗಳಿಗೊಂದು ದಿನ ರಜ ಕೊಡ್ತೀನಿ. ಏಳೆಂಟಲ ಎಷ್ಟು ಹೇಳು."

"ನೀನೇ ಹೇಳು ನೋಡಣ."

"ನನಗೆ ಗೊತ್ತಿದ್ದಿದ್ರೆ ನಿನ್ನ ಯಾಕೆ ಕೇಳ್ತಿದ್ದೆ?"

ಗೊತ್ತಿಲ್ಲದ ಹಾಗೆ ನಟಿಸುತ್ತಿದ್ದನೋ ನಿಜಕ್ಕೂ ಮರೆತಿದ್ದನೋ ಹೇಳಲಾರೆ. ಎರಡನೆಯ ತರಗತಿ ತಂದೆ ಮಗಳಿಬ್ಬರದೂ ಒಟ್ಟಿಗೆ ಮುಗಿಯಿತು, ಮೂರನೆಯದೂ ಒಟ್ಟಿಗೆ ಶುರುವಾಯಿತು ಎಂದರೆ ಉತ್ಪ್ರೇಕ್ಷೆಯಲ್ಲ.

2023ರ ಅಕ್ಟೋಬರ್ 9, ಸೋಮವಾರ, ಆ ಮಗು ತೀರಿಕೊಂಡಿತು. ಶುಕ್ರವಾರ ಜ್ವರ ಬಂದಿತ್ತು, ಭಾನುವಾರ ಅದು ಮೆದುಳಿಗೇರಿತು. ಇದಕ್ಕಿಂತ ಹೆಚ್ಚು ಬರೆಯಲು ನನಗೆ ಇಷ್ಟವಿಲ್ಲ.

ಈಗ ಆ ತರಗತಿಯ ಒಂದು ಪದ್ಧತಿಯನ್ನು ಹೇಳಬೇಕು. ಹೋಮ್‌ವರ್ಕನ್ನು ಮಕ್ಕಳು ಬೋರ್ಡ್ ನೋಡಿ ತಮ್ಮ ಡೈರಿಯಲ್ಲಿ ಬರೆದುಕೊಳ್ಳುತ್ತಾರೆ. ಮಗು ಶಾಲೆಗೆ ಹೋಗದ ದಿನ ಅದರ ಮನೆಯವರು ಸಂಜೆ ಗುಂಪಿನಲ್ಲಿ "ಇವತ್ತು ಹೋಮ್‌ವರ್ಕ್ ಏನು?" ಎಂದು ಕೇಳುವುದು, ಮೊದಲು ನೋಡಿದವರು ತಮ್ಮ ಮಗುವಿನ ಡೈರಿಯ ಫೋಟೋ ತೆಗೆದು ಹಾಕುವುದು. ಹಾಗಾಗಿ ಆ ಪ್ರಶ್ನೆಗೆ ಗುಂಪಿನಲ್ಲಿ ಒಂದೇ ಅರ್ಥ: ನಮ್ಮ ಮಗು ಇಂದು ಬಂದಿಲ್ಲ.

ನವೆಂಬರ್ 20, ಸೋಮವಾರ ಸಂಜೆ ಆ ಪ್ರಶ್ನೆಯನ್ನು ಪಿಟೀಲಿನ ಅಪ್ಪ ಕೇಳಿದನು.

ಯಾರೋ ಅಭ್ಯಾಸಬಲದಿಂದ ಫೋಟೋ ಹಾಕಿಬಿಟ್ಟರು. ಆಮೇಲೆ ಕೇಳಿದವನು ಯಾರೆಂದು ಕಂಡಿರಬೇಕು. ಆ ದಿನ ಗುಂಪಿನಲ್ಲಿ ಮತ್ತೊಂದು ಮಾತು ಬರಲಿಲ್ಲ. ಆತ ಮಾತ್ರ ಕೈಮುಗಿದ ಚಿತ್ರವೊಂದನ್ನು ಕಳುಹಿಸಿದನು. ಮರುದಿನ ಮತ್ತೆ ಕೇಳಿದನು. ಶಾಲೆಯಿದ್ದ ಪ್ರತಿದಿನವೂ ಕೇಳಿದನು. ಒಮ್ಮೆ ಉತ್ತರ ಬರುತ್ತಿತ್ತು, ಒಮ್ಮೆ ಇಲ್ಲ. ಬಾರದಿದ್ದರೆ ಎರಡನೆಯ ಸಲ ಕೇಳುತ್ತಿರಲಿಲ್ಲ. ಕಳೆದುಹೋದ ನೀರಿನ ಬಾಟಲಿಗಳು, ಶುಭೋದಯದ ಹೂಗಳು, ಯಾರದೋ ಮನೆ ಬಾಡಿಗೆಗಿದೆ ಎಂಬ ಜಾಹೀರಾತು, ಇವುಗಳ ನಡುವೆ ಆ ಒಂದು ಸಾಲು ದಿನಾ ಬಂದು ನಿಲ್ಲುತ್ತಿತ್ತು.

ಡಿಸೆಂಬರ್ 21ರ ಗುರುವಾರ ಆತ ನೀರಿಗೆಂದು ಬಂದಾಗ ನಾನು ಕೇಳಿಯೇ ಬಿಟ್ಟೆ. "ಏನಪ್ಪಾ, ಆ ಹೋಮ್‌ವರ್ಕ್ ತಗೊಂಡು ಏನು ಮಾಡ್ತೀಯ?"

"ಏನೂ ಇಲ್ಲ ಯಜಮಾನ್ರೇ. ಅವಳ ಜೊತೆಯವರು ಎಲ್ಲಿಗೆ ಬಂದ್ರು ಅಂತ ಗೊತ್ತಾಗುತ್ತಲ್ಲ, ಅಷ್ಟೇ. ಹೋದಾಗ ಎಂಟರ ಮಗ್ಗಿ ನಡೀತಿತ್ತು. ಈಗ ಭಾಗಾಕಾರ ಅಂತೆ. ಇವಳಿಗೆ ಭಾಗಾಕಾರ ಬರ್ತಿತ್ತು ಅಂತೀರಾ?"

"ಬರ್ತಿತ್ತು. ಚುರುಕಿದ್ದಳು."

"ಶೇಷ ಉಳಿದ್ರೆ ಜಗಳ ತೆಗೀತಿದ್ಳು. ಅದ್ಯಾಕೆ ಉಳೀತು, ಅದನ್ನು ಯಾರಿಗೆ ಕೊಡೋದು ಅಂತ." ಆತ ನಕ್ಕು, ಲೋಟ ಕೆಳಗಿಟ್ಟು ಏಣಿ ಹತ್ತಿದನು.

ಜನವರಿಯಲ್ಲಿ ತೊಂದರೆ ಬೇರೆ ಕಡೆಯಿಂದ ಬಂದಿತು. ಔಷಧದ ಅಂಗಡಿಯಲ್ಲಿ ಕೆಲಸ ಮಾಡುವ ತಾಯಿಯೊಬ್ಬಳ ಮಗ ಅವಳ ಫೋನಿನಲ್ಲಿ ಆ ಪ್ರಶ್ನೆಯನ್ನು ಓದಿದನು. ಅದರ ಅರ್ಥ ಅವನಿಗೆ ಗೊತ್ತಿತ್ತು. ಅವನೂ ಎಷ್ಟೋ ಸಲ ಗೈರಾಗಿದ್ದವನೇ. ಮರುದಿನ ತರಗತಿಯಲ್ಲಿ "ಪಿಟೀಲು ಸತ್ತಿಲ್ಲ ಕಣ್ರೋ, ಬರೀ ಆಬ್ಸೆಂಟು" ಎಂದನು. ಮಕ್ಕಳು ಆಗಿನಿಂದ ಅವಳ ಜಾಗವನ್ನು ಬಿಟ್ಟು ಕುಳಿತರು. ನನ್ನ ಮೊಮ್ಮಗಳು ತನ್ನ ಬೆಂಚಿನ ಅರ್ಧವನ್ನು ಕೈಯಿಂದ ಒರೆಸಿಡುತ್ತಿದ್ದಳು. ವಾರ ಕಳೆದರೂ ಪಿಟೀಲು ಬಾರದಿದ್ದಾಗ ಆ ಹುಡುಗ ಊಟ ಬಿಟ್ಟನು.

ತಾಯಿ ಟೀಚರ ಬಳಿಗೆ ಹೋದಳು. ಕೋಪಕ್ಕಿಂತ ಅವಳಲ್ಲಿ ದಣಿವು ಹೆಚ್ಚಾಗಿತ್ತೆಂದು ಟೀಚರೇ ಹೇಳಿದರು. "ಅವರ ನೋವು ನನಗೆ ಅರ್ಥ ಆಗುತ್ತೆ ಮಿಸ್. ಆದ್ರೆ ನನ್ನ ಮಗನೂ ಮಗುವೇ ತಾನೇ?" ಇನ್ನಿಬ್ಬರು ಅವಳ ಮಾತಿಗೆ ದನಿಗೂಡಿಸಿದರು. ಮುಖ್ಯೋಪಾಧ್ಯಾಯರು ವಿಷಯವನ್ನು ಒಂದೇ ಮಾತಿಗೆ ಮುಗಿಸಿದರು: "ಈ ಶಾಲೆಯಲ್ಲಿ ಅವರ ಮಗು ಇಲ್ಲ. ಗುಂಪಿನಿಂದ ತೆಗೀರಿ."

"ಹಾಜರಿ ಪುಸ್ತಕದಲ್ಲಿ ಆ ಹೆಸರನ್ನ ಒಂದು ಸಲ ಹೊಡೆದು ಹಾಕಿದ್ದೀನಿ ಸರ್," ಎಂದರು ಟೀಚರು. "ಇನ್ನೊಂದು ಸಲ ನನ್ನ ಕೈಲಾಗಲ್ಲ."

ಹಾಗೆ ಹೊಳೆದ ಉಪಾಯ ಅದು. ಗುಂಪನ್ನು ಎಲ್ಲರಿಗೂ ಮುಚ್ಚಿಬಿಟ್ಟರೆ ಯಾರನ್ನೂ ಹೊರಗೆ ಹಾಕಿದಂತಾಗುವುದಿಲ್ಲ. ತಾವೇ ದಿನಾ ಹೋಮ್‌ವರ್ಕ್ ಹಾಕಿದರೆ ಆತ ಕೇಳಬೇಕಾಗಿಲ್ಲ. ಕೇಳದಿದ್ದರೆ ಆ ಪ್ರಶ್ನೆ ಹುಡುಗನ ಕಣ್ಣಿಗೆ ಬೀಳುವುದಿಲ್ಲ. ಆತನಿಗೂ ಬೇಕಾದದ್ದು ಸಿಗುತ್ತದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಮೂರು ಸಂಜೆ ಕುಳಿತು ಸಂದೇಶವನ್ನು ತಿದ್ದಿದರು.

ಅವರು ಮರೆತದ್ದು ಒಂದನ್ನು. ವರ್ಷದ ಆರಂಭದಲ್ಲಿ, 2023ರ ಜೂನ್ 3ರ ಪಾಲಕರ ಸಭೆಯಲ್ಲಿ, ಗುಂಪು ಕಟ್ಟುವಾಗ ನಂಬರುಗಳನ್ನು ಸೇರಿಸಲು ಯಾರಾದರೂ ಕೈಜೋಡಿಸುತ್ತೀರಾ ಎಂದು ಅವರು ಕೇಳಿದ್ದರು. ಮುಂದಿನ ಬೆಂಚಿನಲ್ಲಿ ಮಂಡಿ ಮಡಚಿ ಕುಳಿತಿದ್ದ ಪಿಟೀಲಿನ ಅಪ್ಪ ಕೈ ಎತ್ತಿದ್ದನು. ಅದಕ್ಕಾಗಿ ಆತನನ್ನೂ ಅಡ್ಮಿನ್ ಮಾಡಿ, ಅರ್ಧ ತರಗತಿಯನ್ನು ಆತನಿಂದ ಸೇರಿಸಿದ್ದರು. ನನ್ನನ್ನು ಸೇರಿಸಿದವನೂ ಆತನೇ. ಕೆಲಸ ಮುಗಿದ ಮೇಲೆ ಅದು ಇಬ್ಬರ ನೆನಪಿನಿಂದಲೂ ಜಾರಿತು.

ಫೆಬ್ರವರಿ 13, ಮಂಗಳವಾರ ಮಧ್ಯಾಹ್ನ ಟೀಚರು ಗುಂಪನ್ನು ಬದಲಾಯಿಸಿದರು. ನಮ್ಮ ಫೋನುಗಳಲ್ಲಿ ಬರೆಯುವ ಜಾಗ ಮಾಯವಾಗಿ ಅವರು ಹೇಳಿದ್ದ ಸಾಲು ಕಾಣಿಸಿತು. ಶಾಲೆ ಬಿಟ್ಟ ಮೇಲೆ ಅವರು ಸಿಬ್ಬಂದಿಯ ಸಭೆಯಲ್ಲಿ ಸಿಕ್ಕಿಕೊಂಡರು. ಹೋಮ್‌ವರ್ಕ್ ಹಾಕುವುದು ತಡವಾಯಿತು. ಸಂದೇಶದಲ್ಲಿ ಯಾರನ್ನೂ ತೆಗೆದಿಲ್ಲ ಎಂಬುದೊಂದನ್ನು ಮನಸ್ಸಿಗೆ ತೆಗೆದುಕೊಂಡಿದ್ದ ಆತನ ಫೋನಿನಲ್ಲಿ ಬರೆಯುವ ಜಾಗ ಎಂದಿನಂತೆ ತೆರೆದೇ ಇತ್ತು. ಎಂದಿನ ವೇಳೆಗೆ ಆತ ಬರೆದನು.

"ಇವತ್ತು ಹೋಮ್‌ವರ್ಕ್ ಏನು?"

ನಲವತ್ತು ಮನೆಗಳು ಅದನ್ನು ಓದಿದವು. ಉತ್ತರ ಕೊಡುವ ಅಧಿಕಾರ ಒಂದು ಮನೆಗೂ ಇರಲಿಲ್ಲ. ಹೂಗಳಿಲ್ಲ, ಬಾಟಲಿಗಳಿಲ್ಲ, ಜಾಹೀರಾತಿಲ್ಲ. ಖಾಲಿ ಗೋಡೆಯ ಮೇಲೆ ಬರೆದಂತೆ ಆ ಒಂದೇ ಸಾಲು. ನನ್ನ ಮೊಮ್ಮಗಳು ನನ್ನ ಭುಜದ ಮೇಲಿಂದ ಬಗ್ಗಿ ಓದಿದಳು.

"ತಾತ, ನನ್ನ ಡೈರಿ ಫೋಟೋ ಹಾಕು."

"ಹಾಕಕ್ಕೆ ಬರಲ್ಲ ಕಣೇ. ಅಡ್ಮಿನ್ ಮಾತ್ರ ಹಾಕಬಹುದು."

"ಹಾಗಾದ್ರೆ ಪಿಟೀಲಿನ ಅಪ್ಪ ಹೆಂಗೆ ಹಾಕಿದ್ರು?"

ಆ 'ಅಡ್ಮಿನ್‌ಗಳು' ಎಂಬ ಪದವನ್ನು ಒತ್ತಿ ನೋಡಿದೆ. ಎರಡು ಹೆಸರುಗಳು ಬಂದವು: ಟೀಚರದು, ಅದರ ಕೆಳಗೆ ಪಿಟೀಲಿನ ಅಪ್ಪನದು.

ಸಭೆಯಿಂದ ಹೊರಬಂದ ಟೀಚರು ಫೋನ್ ನೋಡಿ ಕಾರಿಡಾರಿನಲ್ಲೇ ನಿಂತುಬಿಟ್ಟರಂತೆ. ಅಡ್ಮಿನ್ ಆದವರು ಇತರರ ಸಂದೇಶವನ್ನೂ ಅಳಿಸಬಹುದು. ಆದರೆ ಅಳಿಸಿದ ಗುರುತು ಅಲ್ಲಿಯೇ ಉಳಿಯುತ್ತದೆ, ಎಲ್ಲರಿಗೂ ಕಾಣುತ್ತದೆ. ಅವರು ಅಳಿಸಲಿಲ್ಲ. ಕೆಳಗೆ ಹೋಮ್‌ವರ್ಕ್ ಹಾಕಿದರು.

ಆದರೆ ಖಾಸಗಿಯಾಗಿ ಉತ್ತರಿಸುವ ದಾರಿಯನ್ನು ಅವರೇ ಹಿಂದಿನ ದಿನ ಎಲ್ಲರಿಗೂ ಕಲಿಸಿಕೊಟ್ಟಿದ್ದರಲ್ಲ. ಆ ಸಂಜೆ, ಮರುದಿನ, ಜನ ಅದೇ ದಾರಿ ಹಿಡಿದು ಆತನಿಗೆ ಬರೆದರು.

15ನೆಯ ತಾರೀಖು ಗುರುವಾರ ಆತ ಲಿಫ್ಟಿನ ಕೆಲಸಕ್ಕೆ ಬಂದಾಗ ಸಿಳ್ಳೆ ಇರಲಿಲ್ಲ. ನೀರಿಗೂ ಬರಲಿಲ್ಲ. ನಾನೇ ಲೋಟ ಹಿಡಿದು ಹೋದೆ. ನಮ್ಮ ಮಹಡಿಯ ಲಿಫ್ಟ್ ಬಾಗಿಲನ್ನು ಕೀಲಿಯಿಂದ ತೆರೆದು, ಡಬ್ಬದ ನೆತ್ತಿಯ ಮೇಲೆ ಕುಕ್ಕರಗಾಲಲ್ಲಿ ಕುಳಿತು ಆತ ಹಳಿಗೆ ಎಣ್ಣೆ ಸವರುತ್ತಿದ್ದನು.

"ಯಜಮಾನ್ರೇ, ಒಂದು ಮಾತು ಕೇಳ್ಲಾ? ಗುಂಪಿನಲ್ಲಿ ನಾನೊಬ್ಬನೇ ಬರೀಬಹುದಂತೆ, ಹೌದಾ?"

"ನೀನೂ ಟೀಚರೂ. ನೀನು ಅಡ್ಮಿನ್ ಅಲ್ವೇ."

"ನಂಗೆ ಗೊತ್ತೇ ಇರಲಿಲ್ಲ. ಒಬ್ಬರು ಬರೆದಿದ್ದಾರೆ, ನಿಮಗೆ ಮಾತ್ರ ಯಾಕಪ್ಪಾ ಸ್ಪೆಷಲ್ಲು, ಟೀಚರ್‌ಗೆ ನೀವು ನೆಂಟರಾ ಅಂತ." ಆತ ಬಟ್ಟೆಯಿಂದ ಕೈ ಒರೆಸಿಕೊಂಡನು. "ಇಲ್ಲಿ ಕಾಣ್ತಿದೆಯಲ್ಲ ಈ ಸ್ವಿಚ್ಚು. ಇದನ್ನ ಇನ್‌ಸ್ಪೆಕ್ಷನ್‌ಗೆ ಹಾಕಿದ್ರೆ ಯಾವ ಮಹಡಿಯವರು ಗುಂಡಿ ಒತ್ತಿದ್ರೂ ಲಿಫ್ಟು ಅಲ್ಲಾಡಲ್ಲ. ನೆತ್ತಿ ಮೇಲೆ ಕೂತಿರೋ ನನ್ನ ಗುಂಡಿಗೆ ಮಾತ್ರ. ಜನ ಕೆಳಗೆ ಒತ್ತಿ ಒತ್ತಿ ಬಯ್ಕೊಂಡು ಮೆಟ್ಟಿಲು ಹತ್ತುತಾರೆ. ನಂಗೆ ಕೇಳುತ್ತೆ. ಅದೇ ಕೆಲಸ ಅಲ್ಲೂ ಮಾಡಿಬಿಟ್ನಲ್ಲ ಯಜಮಾನ್ರೇ."

"ನೀನು ಮಾಡಿದ್ದಲ್ಲಪ್ಪ ಅದು. ಉಳಿದವರು ಏನು ಬರೆದರು?"

"ಒಳ್ಳೇವ್ರು. ಡೈರಿ ಫೋಟೋ ಕಳಿಸಿದ್ದಾರೆ, ನೀವೂ ಕಳಿಸಿದ್ರಲ್ಲ. ಒಬ್ಬ ತಾಯಿ ಮಾತ್ರ..." ಫೋನನ್ನು ನನ್ನ ಕೈಗೆ ಕೊಟ್ಟನು. ಔಷಧದ ಅಂಗಡಿಯವಳು ಬರೆದಿದ್ದಳು: ನಿಮ್ಮ ಪ್ರಶ್ನೆ ನೋಡಿದಾಗಲೆಲ್ಲ ನನ್ನ ಮಗ ಪಿಟೀಲು ಯಾವಾಗ ಬರುತ್ತಾಳೆಂದು ಕೇಳುತ್ತಾನೆ. ನಾನು ಏನು ಹೇಳಲಿ, ನೀವೇ ಹೇಳಿಕೊಡಿ ಅಣ್ಣ.

"ಮಕ್ಕಳು ಅವಳ ಜಾಗ ಬಿಟ್ಟು ಕೂತಿದ್ರಂತೆ?"

ಹೌದೆಂದೆ. ಸುಳ್ಳು ಹೇಳಿ ಪ್ರಯೋಜನವಿರಲಿಲ್ಲ.

"ನಾನು ಅವಳ ಜೊತೆಯವರನ್ನ ಹಿಂಬಾಲಿಸ್ತಿದ್ದೀನಿ ಅಂದ್ಕೊಂಡಿದ್ದೆ. ಅವರು ಹಿಂದೆ ತಿರುಗಿ ನೋಡ್ಕೊಂಡು ನಿಂತಿದ್ದಾರೆ ಅಂತ ಗೊತ್ತಿರಲಿಲ್ಲ." ಆತ ಎಣ್ಣೆಯ ಡಬ್ಬಿಯ ಮುಚ್ಚಳ ತಿರುಗಿಸಿ ಬಿಗಿ ಮಾಡಿದನು. ಕೆಳಗಿನ ಮಹಡಿಯಿಂದ ಯಾರೋ ಬಾಗಿಲು ಬಡಿದರು. "ಬಂತು ತಾಯೀ, ಬಂತು," ಎಂದು ಎದ್ದನು.

ಮರುದಿನ, 16ನೆಯ ತಾರೀಖು, ಮೊಮ್ಮಗಳನ್ನು ಕರೆತರಲು ಹೋದಾಗ ಆತ ಶಾಲೆಯ ಗೇಟಿನಲ್ಲಿ ನಿಂತಿದ್ದನು. ಒಬ್ಬನೇ ಒಳಗೆ ಹೋಗಲು ಆಗುತ್ತಿಲ್ಲವೆಂದನು. ಇಬ್ಬರೂ ಹೋದೆವು. ಮಕ್ಕಳೆಲ್ಲ ಹೊರಟುಹೋಗಿ ನನ್ನ ಮೊಮ್ಮಗಳೊಬ್ಬಳೇ ಉಳಿದಿದ್ದ ತರಗತಿಯಲ್ಲಿ ಟೀಚರು ಬೋರ್ಡ್ ಒರೆಸುತ್ತಿದ್ದರು. ಆತನನ್ನು ಕಂಡು ಒರೆಸುವುದನ್ನು ಅರ್ಧಕ್ಕೆ ನಿಲ್ಲಿಸಿದರು.

"ತಪ್ಪು ನಂದು," ಎಂದರು ಅವರೇ ಮೊದಲು. "ನಿಮ್ಮನ್ನ ಅಡ್ಮಿನ್ ಮಾಡಿದ್ದು ಮರೆತೇ ಹೋಗಿತ್ತು. ನಿಮಗೆ ನೋವಾಗಬಾರದು ಅಂತ ಮಾಡಿದ್ದು, ನೋಡಿದ್ರೆ ಎಲ್ಲರ ಮುಂದೆ ನಿಮ್ಮೊಬ್ಬರನ್ನೇ ನಿಲ್ಲಿಸಿದ ಹಾಗಾಯ್ತು."

"ಅಯ್ಯೋ ಬಿಡಿ ಮಿಸ್. ಅಡ್ಮಿನ್‌ನಿಂದ ತೆಗೆದುಬಿಡಿ ಅಂತ ಕೇಳಕ್ಕೆ ಬಂದೆ. ಕೈಗೆ ಸಿಕ್ಕಿದ್ರೆ ಬರೆದುಬಿಡ್ತೀನಿ, ನನ್ನ ಮೇಲೆ ನಂಗೆ ನಂಬಿಕೆ ಇಲ್ಲ."

ಟೀಚರು ಫೋನ್ ತೆಗೆದರು. ಸದಸ್ಯರ ಪಟ್ಟಿಯಲ್ಲಿ ಆತನ ಹೆಸರನ್ನು ಒತ್ತಿ, ಮತ್ತೆ ಕೈ ಹಿಂದಕ್ಕೆ ತೆಗೆದರು. "ಹೀಗೇ ಇರಲಿ ಬಿಡಿ. ನೀವು ಕೇಳದಿದ್ರೆ ಆಯ್ತಲ್ಲ."

"ಒತ್ತಿ ಮಿಸ್."

ಒತ್ತಿದರು. ಆತ ತನ್ನ ಫೋನಿನಲ್ಲಿ ಬರೆಯುವ ಜಾಗ ಹೋಗಿ ಆ ಸಾಲು ಬಂದುದನ್ನು ನೋಡಿದನು. ಬೆರಳಿನಿಂದ ಗುಂಪನ್ನು ಮೇಲೆ ಕೆಳಗೆ ಸರಿಸಿದನು.

"ಓದಕ್ಕೆ ಬರುತ್ತಲ್ಲ?"

"ಬರುತ್ತೆ. ದಿನಾ ಹಾಕ್ತೀನಿ."

"ಮುಂದಿನ ವರ್ಷ?"

ಟೀಚರು ಫೋನನ್ನು ಮೇಜಿನ ಮೇಲಿಟ್ಟರು. "ನಾಲ್ಕನೇ ಕ್ಲಾಸಿಗೆ ಬೇರೆ ಟೀಚರು. ಅವರು ಹೊಸ ಗುಂಪು ಮಾಡ್ತಾರೆ. ಮಕ್ಕಳ ದಾಖಲೆ ನೋಡಿ ನಂಬರು ತಗೋತಾರೆ."

"ಹಾಗಾದ್ರೆ ಮಾರ್ಚ್ ತನಕ," ಎಂದನು ಆತ. ಲಿಫ್ಟ್ ಎಂದು ಸರಿಯಾಗುತ್ತದೆಂದು ಕೇಳಿದವರಿಗೆ ಹೇಳುವ ದನಿಯಲ್ಲೇ ಹೇಳಿದನು. ಆಮೇಲೆ ನನ್ನ ಮೊಮ್ಮಗಳ ಬೆಂಚು ಯಾವುದೆಂದು ಕೇಳಿದನು. ಅವಳು ತೋರಿಸಿದಳು. "ಪುಟ್ಟಿ, ಸೋಮವಾರದಿಂದ ನಡುವೆ ಕೂತ್ಕೋ. ಆಯ್ತಾ? ಅವಳು ಬರಲ್ಲ. ಆ ಹುಡುಗನಿಗೂ ಹೇಳು, ಪಿಟೀಲಿನ ಅಪ್ಪನೇ ಹೇಳಿದ್ರು ಅಂತ."

ಅವಳು ತಲೆಯಾಡಿಸಿದಳು. ಟೀಚರು ಬೋರ್ಡಿನ ಕಡೆ ತಿರುಗಿ, ಈಗಾಗಲೇ ಒರೆಸಿದ್ದ ಭಾಗವನ್ನೇ ಮತ್ತೆ ಒರೆಸಿದರು.

ಅನಂತರ ನಡೆದದ್ದು ಇಷ್ಟು.

ಟೀಚರು ಶಾಲೆಯ ಕೊನೆಯ ದಿನವಾದ 2024ರ ಮಾರ್ಚ್ 28ರವರೆಗೆ ಪ್ರತಿ ಸಂಜೆಯೂ ಹೋಮ್‌ವರ್ಕ್ ಹಾಕಿದರು. ಪ್ರತಿ ಸಂದೇಶಕ್ಕೂ ಪಿಟೀಲಿನ ಅಪ್ಪನ ಒಂದು ಹೆಬ್ಬೆರಳು ಇರುತ್ತಿತ್ತು. ಔಷಧದ ಅಂಗಡಿಯವಳ ಮಗ ಚೇತರಿಸಿಕೊಂಡನು.

ಜೂನ್ 3, ಸೋಮವಾರ, ನಾಲ್ಕನೆಯ ತರಗತಿಯ ಹೊಸ ಗುಂಪು ಆರಂಭವಾಯಿತು. ಮೊದಲ ದಿನದಿಂದಲೇ ಅದರಲ್ಲಿ ಅಡ್ಮಿನ್ ಮಾತ್ರ ಬರೆಯುತ್ತಾರೆ. ಆತ ಅದರಲ್ಲಿ ಇಲ್ಲ.

ಜೂನ್ 10ರಂದು ಆತ ಹಳೆಯ ಗುಂಪಿನಿಂದ ಹೊರಟುಹೋದನು. ಒಬ್ಬರು ಹೊರಟರೆ ಆ ಸೂಚನೆ ಅಡ್ಮಿನ್‌ಗೆ ಮಾತ್ರ ಹೋಗುತ್ತದೆ. ಹಾಗಾಗಿ ಅದು ತಲುಪಿದ್ದು ಟೀಚರೊಬ್ಬರಿಗೆ. ಹಳೆಯ ಗುಂಪನ್ನು ಅವರು ಇನ್ನೂ ಅಳಿಸಿಲ್ಲ.

ಜೂನ್ 20ರ ಗುರುವಾರ ಲಿಫ್ಟಿಗೆ ಬಂದಾಗ ಆತ ಏನೂ ಕೇಳಲಿಲ್ಲ. ಜುಲೈ 18ರಂದು, ಮೋಡ ಕವಿದ ಮಧ್ಯಾಹ್ನ, ನೀರು ಕುಡಿದು ಲೋಟ ಹಿಂದಿರುಗಿಸುತ್ತ ಕೇಳಿದನು: "ಭಿನ್ನರಾಶಿ ಶುರುವಾಯ್ತಾ ಯಜಮಾನ್ರೇ?"

ಶುರುವಾಯಿತೆಂದು ಹೇಳಿದೆ. ಆತ ಸ್ವಿಚ್ಚನ್ನು ಮಾಮೂಲಿಗೆ ಹಾಕಿ, ಬಾಗಿಲು ಮುಚ್ಚಿ, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಮೆಟ್ಟಿಲಿಳಿದು ಹೋದನು.